ಕಾಲೇಜು ಕೆಫೆ ಪ್ರಾಜೆಕ್ಟ್: ಒಂದು ಪರ್ಸೋನಾಗೆ ಒಂದೇ ಪಯಣ

ಹುಬ್ಬಳ್ಳಿಯ ನಮ್ಮ ಕಾಲೇಜು ಕೆಫೆಯ ಪ್ರಾಜೆಕ್ಟ್‌ನಲ್ಲಿ ಮೊದಲು ವಯಸ್ಸು, ವಿಭಾಗ ನೋಡಿ ಪರ್ಸೋನಾ, ಅಂದರೆ ಒಂದು ಬಗೆಯ ಗ್ರಾಹಕರನ್ನು ಪ್ರತಿನಿಧಿಸುವ ಕಲ್ಪಿತ ವ್ಯಕ್ತಿಯನ್ನು, ಕಟ್ಟಿ ಕೆಟ್ಟೆವು. ನಡವಳಿಕೆಯಿಂದ ಕಟ್ಟಿದಾಗಲೇ ಅದು ಉಪಯೋಗಕ್ಕೆ ಬಂತು. ಗದಗಿನಿಂದ ಬೆಳಗಿನ ಬಸ್ಸಿಗೆ ತಿಂಡಿ ತಿನ್ನದೆ ಬಂದು, ಹದಿನೈದು ನಿಮಿಷದ ಬಿಡುವಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕಾದ ವಿದ್ಯಾರ್ಥಿನಿ ಒಂದು ಪರ್ಸೋನಾ. ಒಂದು ಚಹಾ ಹಿಡಿದು ತಾಸುಗಟ್ಟಲೆ ಕೂರುವವನು ಇನ್ನೊಂದು. ಗ್ರಾಹಕರ ಅನುಭವವನ್ನು ಹಂತ ಹಂತವಾಗಿ ತೋರಿಸುವುದೇ ಪಯಣದ ನಕ್ಷೆ; ಇಬ್ಬರನ್ನೂ ಒಂದೇ ನಕ್ಷೆಯಲ್ಲಿ ಬೆರೆಸಿದರೆ ಅದು ಯಾರ ಪಯಣವೂ ಆಗುವುದಿಲ್ಲ. ಮೊದಲನೆಯವಳ ಪಯಣವನ್ನು ಕೌಂಟರಿನಿಂದಲ್ಲ, ತರಗತಿಯ ಬಾಗಿಲಿನಿಂದ ಆರಂಭಿಸಿ, ಪ್ರತಿ ಹಂತದಲ್ಲಿ ಆಕೆ ಮಾಡಿದ್ದು, ಅಂದುಕೊಂಡದ್ದು, ಹಿಡಿದ ಸಮಯ ಇವನ್ನು ಬರೆಯಿರಿ. ಸಂದರ್ಶನದಲ್ಲಿ ಬಹುತೇಕರು ಟೋಕನ್ ಸಾಲನ್ನೇ ದೂರಿದ್ದರು. ಆದರೆ ನಾವು ಗಡಿಯಾರ ಹಿಡಿದು ನಿಂತಾಗ ಟೋಕನ್‌ಗೆ ಎರಡು ನಿಮಿಷ, ದೋಸೆ ಕೈಗೆ ಬರಲು ಏಳು ನಿಮಿಷ ಬೇಕಾಯಿತು. ಆದ್ದರಿಂದ ಹೇಳಿದ್ದನ್ನೂ ಕಂಡದ್ದನ್ನೂ ನಕ್ಷೆಯ ಬೇರೆ ಬೇರೆ ಸಾಲುಗಳಲ್ಲಿ ದಾಖಲಿಸಿ.