ಪ್ರಾಯೋಜಕರಿಗೆ ಬರೆಯುವ ಪತ್ರದಲ್ಲಿ ಯಾವ ರೀಚ್ ತೋರಿಸಬೇಕು?

ಸ್ಥಳೀಯ ಬ್ರ್ಯಾಂಡ್ ಒಂದಕ್ಕೆ ಪ್ರಾಯೋಜಕತ್ವ ಕೋರಿ ಪತ್ರ ಬರೆಯಲು ಕುಳಿತ ಸಣ್ಣ ಕ್ರಿಯೇಟರ್‌ಗೆ ಮೊದಲು ನೆನಪಾಗುವುದು ಫಾಲೋವರ್ಸ್ ಸಂಖ್ಯೆ. ಆದರೆ ಹಣ ಕೊಡುವವರಿಗೆ ತಿಳಿಯಬೇಕಾದದ್ದು ಮುಂದಿನ ವಿಡಿಯೊ ಎಷ್ಟು ಜನರನ್ನು ತಲುಪೀತು, ಅವರಲ್ಲಿ ಎಷ್ಟು ಮಂದಿ ತಮ್ಮ ಊರಿನವರು ಎಂಬುದು.

ಮೊದಲು, ಪ್ರಕಟವಾಗಿ ಕನಿಷ್ಠ ಒಂದು ವಾರ ಕಳೆದಿರುವ ಇತ್ತೀಚಿನ ಹತ್ತು ವಿಡಿಯೊಗಳ ರೀಚ್ ಬರೆದುಕೊಳ್ಳಿ. ವ್ಯೂಸ್ ಬೇಡ, ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರಾಗುತ್ತದೆ, ರೀಚ್ ಒಂದೇ ಆಗಿರುತ್ತದೆ. ಹಣ ಕೊಟ್ಟು ಬೂಸ್ಟ್ ಮಾಡಿದ ವಿಡಿಯೊಗಳನ್ನು ಈ ಹತ್ತರಲ್ಲಿ ಸೇರಿಸಬೇಡಿ.

ಒಂದು ಉದಾಹರಣೆ ನೋಡೋಣ. 9,200 ಫಾಲೋವರ್ಸ್ ಇರುವವರ ಹತ್ತು ವಿಡಿಯೊಗಳ ರೀಚ್ ಏರಿಕೆಯ ಕ್ರಮದಲ್ಲಿ ಹೀಗಿದೆ ಎಂದುಕೊಳ್ಳಿ: 1,500, 1,600, 1,700, 1,900, 2,000, 2,200, 2,300, 2,400, 2,600 ಮತ್ತು 61,800. ಇವುಗಳ ಸರಾಸರಿ 8,000. ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಹತ್ತರಲ್ಲಿ ಒಂಬತ್ತು ವಿಡಿಯೊಗಳು ಅದರ ಅರ್ಧವನ್ನೂ ಮುಟ್ಟಿಲ್ಲ. ಆದ್ದರಿಂದ ಪತ್ರದಲ್ಲಿ ಬರೆಯಬೇಕಾದದ್ದು ಮಧ್ಯಾಂಕ, ಅಂದರೆ ನಡುವಿನ ಎರಡು ಸಂಖ್ಯೆಗಳಾದ 2,000 ಮತ್ತು 2,200ರ ನಡುವಣ 2,100. ವೈರಲ್ ಆದದ್ದನ್ನು ಮುಚ್ಚಿಡಬೇಕಾಗಿಲ್ಲ. ಅದು ಒಂದೇ ಸಲ ಆದದ್ದು ಎಂದು ಪ್ರತ್ಯೇಕ ವಾಕ್ಯದಲ್ಲಿ ಹೇಳಿದರೆ ಸಾಕು.

ನಂತರ ನೋಡುಗರ ಊರುಗಳ ವಿವರ ತೆರೆಯಿರಿ. ಬ್ರ್ಯಾಂಡ್ ಇರುವ ಊರಿನವರು ಶೇ 60ರಷ್ಟಿದ್ದರೆ, 2,100ರಲ್ಲಿ ಸುಮಾರು 1,260 ಮಂದಿ ಸ್ಥಳೀಯರು. ಸಣ್ಣ ಕ್ರಿಯೇಟರ್‌ನ ಕೈಯಲ್ಲಿರುವ ಗಟ್ಟಿ ಅಂಕಿ ಇದೇ ಎಂಬುದು ನನ್ನ ಅಭಿಪ್ರಾಯ. ಲಕ್ಷ ಫಾಲೋವರ್ಸ್ ಇದ್ದೂ ನೋಡುಗರು ಊರೂರು ಚದುರಿದ್ದರೆ ಸ್ಥಳೀಯ ವ್ಯಾಪಾರಕ್ಕೆ ಅಷ್ಟು ಪ್ರಯೋಜನವಿಲ್ಲ.

ಎಂಗೇಜ್‌ಮೆಂಟ್ ಶೇಕಡಾವಾರು ಬರೆಯುವಾಗ ಯಾವುದರಿಂದ ಭಾಗಿಸಿದ್ದೀರಿ ಎಂಬುದನ್ನೂ ತಿಳಿಸಿ. ಲೈಕ್, ಕಾಮೆಂಟ್, ಸೇವ್, ಶೇರ್ ಸೇರಿ 147 ಆದರೆ, ರೀಚ್‌ಗೆ ಹೋಲಿಸಿದಾಗ ಅದು ಶೇ 7, ಫಾಲೋವರ್ಸ್‌ಗೆ ಹೋಲಿಸಿದಾಗ ಶೇ 1.6. ಬಹುಮಾನದ ಆಸೆ ತೋರಿಸಿ ಬರಿಸಿಕೊಂಡ ಕಾಮೆಂಟ್‌ಗಳನ್ನು ಎಣಿಸಬಾರದು.

ಪತ್ರದ ಮುಖ್ಯ ಭಾಗ ಹೀಗಿರಬಹುದು:

“ಮಾನ್ಯರೇ, ನನ್ನ ಇತ್ತೀಚಿನ ಹತ್ತು ವಿಡಿಯೊಗಳಲ್ಲಿ ರೀಚ್‌ನ ಮಧ್ಯಾಂಕ 2,100, ನೋಡುಗರಲ್ಲಿ ಸುಮಾರು ಶೇ 60 ಮಂದಿ ತಮ್ಮ ಊರಿನವರು. ಒಂದು ವಿಡಿಯೊ 61,800 ಜನರನ್ನು ತಲುಪಿದೆಯಾದರೂ ಅದನ್ನು ಆಧಾರವಾಗಿಟ್ಟುಕೊಂಡು ನಾನು ದರ ಕೇಳುತ್ತಿಲ್ಲ. ದಿನಾಂಕ ಕಾಣುವ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ. ಒಂದು ವಿಡಿಯೊ ಮತ್ತು ಎರಡು ಸ್ಟೋರಿಗಳನ್ನು, ಪ್ರಾಯೋಜಿತ ಎಂಬ ಗುರುತಿನೊಂದಿಗೆ, ಒಪ್ಪಿದ ದಿನ ಪ್ರಕಟಿಸುತ್ತೇನೆ. ಹದಿನಾಲ್ಕು ದಿನಗಳಲ್ಲಿ ರೀಚ್ 1,500 ದಾಟದಿದ್ದರೆ ಇನ್ನೊಂದು ಸ್ಟೋರಿಯನ್ನು ಶುಲ್ಕವಿಲ್ಲದೆ ಮಾಡಿಕೊಡುತ್ತೇನೆ.”

ಇಲ್ಲಿ 1,500 ಎಂದಿರುವುದು ಹತ್ತರಲ್ಲಿ ಅತಿ ಕಡಿಮೆ ಬಂದ ರೀಚ್. 2,100ಕ್ಕೇ ಮಾತು ಕೊಟ್ಟರೆ ಹೆಚ್ಚುಕಡಿಮೆ ಎರಡರಲ್ಲಿ ಒಂದು ಸಲ ಮಾತು ತಪ್ಪುತ್ತದೆ. ದರ ಹೆಚ್ಚಾಯಿತು ಎಂದು ಪ್ರಾಯೋಜಕರು ಚೌಕಾಸಿಗೆ ಇಳಿದರೆ, ಅಷ್ಟೇ ಕೆಲಸವನ್ನು ಕಡಿಮೆ ಹಣಕ್ಕೆ ಒಪ್ಪಿಕೊಳ್ಳುವ ಬದಲು ಸ್ಟೋರಿಗಳನ್ನು ಕೈಬಿಟ್ಟು ವಿಡಿಯೊಗೆ ಮಾತ್ರ ದರ ಹೇಳಿ. ನಿಮ್ಮ ವಿಡಿಯೊವನ್ನು ಅವರು ತಮ್ಮ ಜಾಹೀರಾತಿಗೂ ಬಳಸಲು ಬಯಸಿದರೆ, ಅದರ ಶುಲ್ಕ ಮತ್ತು ಅವಧಿಯನ್ನು ಬೇರೆಯಾಗಿ ನಮೂದಿಸಿ.