ರಷ್ಯನ್ ಅಂಕಪಟ್ಟಿಯ ಅನುವಾದ: 'ಜಚ್ತೆನೊ' ನೋಡಿಕೊಳ್ಳಿ

ರಷ್ಯಾದಲ್ಲಿ ಓದಿ ಬೇರೆ ದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದೀರಾ? ಇಂಗ್ಲಿಷ್ ಅನುವಾದದಲ್ಲಿ 5 ಅನ್ನು 'ಎ', 4 ಅನ್ನು 'ಬಿ' ಎಂದು ಬದಲಿಸಿದ್ದರೆ ಒಪ್ಪಬೇಡಿ. ಶ್ರೇಣಿ ಲೆಕ್ಕ ಹಾಕುವುದು ಅರ್ಜಿ ಪರಿಶೀಲಿಸುವವರ ಕೆಲಸ. ಮೂಲದಲ್ಲಿ ಪದವಿದ್ದರೆ 'ಎಕ್ಸಲೆಂಟ್', 'ಗುಡ್', 'ಸ್ಯಾಟಿಸ್‌ಫ್ಯಾಕ್ಟರಿ' ಎಂದೇ ಬರಲಿ.

ಜಾಸ್ತಿ ಎಡವಟ್ಟಾಗುವುದು 'ಜಚ್ತೆನೊ' ಇರುವ ವಿಷಯಗಳಲ್ಲಿ. ಅದು ಬರೀ ಪಾಸ್, ಅಂಕವೇ ಇಲ್ಲ. ಹಾಗಾಗಿ 'ಪಾಸ್ಡ್' ಎಂದು ಬರೆಸಿ. 'ಸ್ಯಾಟಿಸ್‌ಫ್ಯಾಕ್ಟರಿ' ಎಂದರೆ ಅದನ್ನು 3 ಎಂದು ಓದುತ್ತಾರೆ. ನಾಲ್ಕು ವಿಷಯಗಳಲ್ಲಿ 5, 4, 5 ಮತ್ತು ಒಂದು ಜಚ್ತೆನೊ ಇದೆ ಅನ್ನಿ. ಸರಿಯಾದ ಸರಾಸರಿ ಮೂರಕ್ಕೆ ಮಾತ್ರ, ಅಂದರೆ 4.67. ತಪ್ಪು ಅನುವಾದದಲ್ಲಿ 4.25ಕ್ಕೆ ಇಳಿಯುತ್ತದೆ. ಸುಮ್ನೆ ನಷ್ಟ ಅಲ್ವಾ?

ಹೆಸರಿನ ಕಾಗುಣಿತ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ರಷ್ಯನ್ ಲಿಪಿಯಿಂದ ಮರಳಿ ಬರೆದಾಗ ಅದು ಬದಲಾಗುವುದುಂಟು.