ಬರೀ ‘ಹಾಯ್’ ಬಂದರೆ ನಾನು ಕಳಿಸುವ ಒಂದು ಸಾಲು

ದಾವಣಗೆರೆಯಲ್ಲಿ ಮನೆಯಿಂದಲೇ ಹೋಳಿಗೆ, ಚಕ್ಕುಲಿ ಆರ್ಡರ್ ಮೇಲೆ ಮಾಡಿಕೊಡುತ್ತೇನೆ. ವಾಟ್ಸಾಪ್‌ನಲ್ಲಿ ಗೊತ್ತಿಲ್ಲದ ನಂಬರಿಂದ ‘ಹಾಯ್’ ಬಂದರೆ ಮೋಸಗಾರರಿರಬಹುದು, ಬ್ಲಾಕ್ ಮಾಡು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಆಗದ ಮಾತು. ನನ್ನ ಅರ್ಧ ಗಿರಾಕಿಗಳು ಶುರು ಮಾಡುವುದೇ ‘ಹಾಯ್’ ಅಂತ. ಒಂದು ತಿಂಗಳು ಬ್ಲಾಕ್ ಮಾಡಿ ನೋಡಿದೆ. ನಾಮಕರಣದ 200 ಹೋಳಿಗೆ ಆರ್ಡರ್ ಬೇರೆಯವರಿಗೆ ಹೋಯಿತು. ಸುಮಾರು 5,000 ರೂಪಾಯಿಯದು.

ಅದಕ್ಕೂ ಮೊದಲು ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗೇ ಹೋಗುವ ಗ್ರೀಟಿಂಗ್ ಮೆಸೇಜ್ ಇಟ್ಟಿದ್ದೆ. ನನ್ನ ಹೆಸರು, ಬಡಾವಣೆ, ಮಾಡುವ ತಿಂಡಿ, ಎಲ್ಲ ಅದರಲ್ಲಿತ್ತು. ಯಾರು ‘ಹಾಯ್’ ಅಂದರೂ ಅಷ್ಟೂ ಅವರ ಕೈಗೆ. ಒಬ್ಬ ಹಾಗೇ ತಿಳಿದುಕೊಂಡು, ಆರ್ಮಿಯವನು ಅಂತ ಫೋನ್ ಮಾಡಿ 150 ಹೋಳಿಗೆ ಹೇಳಿದ. ಅಡ್ವಾನ್ಸ್ ಬರಬೇಕಾದರೆ ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಪಿನ್ ಹಾಕಿದರೆ ದುಡ್ಡು ಹೋಗುವುದು, ಬರುವುದಲ್ಲ. ಗೊತ್ತಿದ್ದೂ, ಹೆಸರು ಹಿಡಿದು ಮಾತಾಡಿಸಿದನಲ್ಲ ಅಂತ ನಂಬಿದೆ. 4,000 ಚಿಲ್ಲರೆ ಹೋಯಿತು. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮರುದಿನ, ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ‘ಯಾರು ನೀವು?’ ಅಂತ ಕೇಳಿ ನೋಡಿದೆ. ‘ನೀವು ಯಾರು?’ ಅಂತ ತಿರುಗಿ ಕೇಳುತ್ತಾರೆ, ಆಗ ನಮ್ಮ ಕೈ ತಾನಾಗೇ ಹೆಸರು ಬರೆದುಬಿಡುತ್ತದೆ.

ಈಗ ಕಳಿಸುವುದು ಇಷ್ಟೇ, ಅದೂ ಕನ್ನಡ ಅಕ್ಷರದಲ್ಲಿ: ‘ನಮಸ್ಕಾರ. ಏನು ಬೇಕಿತ್ತು? ನಂಬರ್ ಯಾರು ಕೊಟ್ಟರು?’ ಹೆಸರಿಲ್ಲ, ಊರಿಲ್ಲ, ಹೋಳಿಗೆಯ ಮಾತೂ ಇಲ್ಲ. ನಿಜವಾದ ಗಿರಾಕಿ ತಾವೇ ‘ಕಾಯಿ ಹೋಳಿಗೆ ಬೇಕಿತ್ತು, ನಮ್ಮ ಅತ್ತಿಗೆ ನಂಬರ್ ಕೊಟ್ರು’ ಅನ್ನುತ್ತಾರೆ. ಸುಮ್ನೆ ನಂಬರ್ ಒತ್ತಿದವರಿಗೆ ಹೇಳಲು ಏನೂ ಇರುವುದಿಲ್ಲ.

ಹೋದ ತಿಂಗಳು ಒಬ್ಬಳು ಇದಕ್ಕೆ ಇಂಗ್ಲಿಷಿನಲ್ಲಿ, ‘ನೀವು ಯೋಗ ಕ್ಲಾಸಿನ ಅನಿತಾ ಅಲ್ವಾ?’ ಅಂತ ಬರೆದಳು. ‘ಅಲ್ಲ, ನಾನು ಇಂಥವಳು’ ಅಂತ ಬರಲಿ ಅಂತಲೇ ಈ ಪ್ರಶ್ನೆ. ನಾನು ‘ನಂಬರ್ ತಪ್ಪಾಗಿದೆ’ ಅಂತ ಮಾತ್ರ ಬರೆದೆ. ‘ಸಾರಿ, ನಿಮ್ಮ ಹೆಸರೇನು? ಯಾವ ಊರು?’ ಅಂದಳು. ನಂಬರ್ ತಪ್ಪಿದವರಿಗೆ ನನ್ನ ಊರು ಯಾಕೆ? ರಿಪೋರ್ಟ್ ಕೊಟ್ಟು ಬ್ಲಾಕ್ ಮಾಡಿದೆ. ಇಂಥ ಸ್ನೇಹ ಕೊನೆಗೆ ಷೇರು, ಕ್ರಿಪ್ಟೊ ಅಂತ ದುಡ್ಡು ಹಾಕಿಸುವಲ್ಲಿಗೇ ಬರುತ್ತದೆ.

‘Yes?’ ಅಂತ ಇಂಗ್ಲಿಷಿನಲ್ಲೂ ಕಳಿಸಿ ನೋಡಿದ್ದೆ. ಅದಕ್ಕೆ ಮಾತು ಬೆಳೆಸುವವರೇ ಜಾಸ್ತಿ. ಕನ್ನಡದ ಸಾಲಿಗೆ ಬಹಳ ಜನ ಅಲ್ಲಿಗೇ ಸುಮ್ಮನಾಗುತ್ತಾರೆ. ನಾಲ್ಕು ತಿಂಗಳಲ್ಲಿ 60 ‘ಹಾಯ್’ ಬಂದಿರಬಹುದು, ಅದರಲ್ಲಿ 35ರಷ್ಟು ಗಿರಾಕಿಗಳೇ. ‘ನಂಬರ್ ಯಾರು ಕೊಟ್ಟರು’ ಅಂದರೆ ಜನ ಬೇಜಾರಾಗುತ್ತಾರೆ ಅಂತ ನಾದಿನಿ ಹೆದರಿಸಿದ್ದಳು. ಒಬ್ಬರೂ ಆಗಲಿಲ್ಲ. ಈಗ ಅವಳ ಬ್ಲೌಸ್ ಹೊಲಿಗೆಯ ಆರ್ಡರಿಗೂ ಇದೇ ಸಾಲು.

ಆದರೆ ಉತ್ತರ ಎಷ್ಟೇ ಬಿಗಿ ಇದ್ದರೂ, ಯುಪಿಐ ಆ್ಯಪಿನಲ್ಲಿ ನಮ್ಮ ನಂಬರ್ ಹಾಕಿದರೆ ಬ್ಯಾಂಕಿನಲ್ಲಿರುವ ಹೆಸರು ಕಾಣುತ್ತದೆ. ಹಾಗಾಗಿ ಆರ್ಡರಿಗೆ ಬೇರೆ ಸಿಮ್ ತೆಗೆದುಕೊಂಡೆ, ಅದನ್ನು ಯಾವ ಖಾತೆಗೂ ಜೋಡಿಸಿಲ್ಲ. ಆ ನಂಬರಿನ ವಾಟ್ಸಾಪ್‌ನಲ್ಲಿ ಮಕ್ಕಳ ಫೋಟೊ ಇಲ್ಲ.

ನನ್ನ ಬೋರ್ಡ್ ನೋಡಿ ಬಂದ ಮೋಸಗಾರನಿಗೆ ‘ಹೋಳಿಗೆ’ ಅನ್ನಲು ಗೊತ್ತಿರುತ್ತದೆ, ಅವನು ಈ ಸಾಲು ದಾಟಿಬಿಡುತ್ತಾನೆ. ಅಂಥವರಿಗೆ ಅಡುಗೆಯದೇ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಓದುತ್ತಾರೆ.